ಟಪ್ ಟಪ್ ನಲ್ಲಿ

(ಬೆಂಗಳೂರಿನ ಒಂದು ಬಡಾವಣೆ. ರಸ್ತೆ ನಡುವೆ ಖಾಲಿ ಕೊಡಗಳ ಸಾಲು. ಕ್ಯಾಮೆರಾ ಜನರ ಮಧ್ಯೆ.)

ತಮಟೆ: ಡಂಕಣಕ ಡಂಕಣಕ ಡಂ!

ಮೇಳ: ಬನ್ನಿರಣ್ಣ, ಬನ್ನಿರಕ್ಕ! ನೀರಿನ ಕಥೆ ಕೇಳಿರಣ್ಣ!

ಸೂತ್ರಧಾರ (ನೇರ ಕ್ಯಾಮೆರಾಗೆ): ಅಕ್ಕಾ, ನಿಮ್ಮನೆ ನಲ್ಲಿಗೆ ಕಾವೇರಿ ಸುಮ್ನೆ ಹರಿದು ಬರಲ್ಲ. ಸುಮಾರು 100 ಕಿಲೋಮೀಟರ್ ದೂರ. ಮೂರು ಕಡೆ ಪಂಪ್ ಮಾಡಿ ಎತ್ತಬೇಕು!

ಮೇಳ: ತೊರೆಕಾಡನಹಳ್ಳೀಲಿ ಎತ್ತು! (ಡಂ) ಹಾರೋಹಳ್ಳೀಲಿ ಎತ್ತು! (ಡಂ) ತಾತಗುಣೀಲಿ ಎತ್ತು! (ಡಂ)

(ತುಂಬಿದ ಕೊಡ ಕೈಯಿಂದ ಕೈಗೆ ಸಾಗುತ್ತದೆ. ಕೊನೆಯ ಹುಡುಗ ಅದನ್ನು ಕಾರಿನ ಮೇಲೆ ಸುರಿಯುತ್ತಾನೆ. ತಮಟೆ ಥಟ್ಟನೆ ನಿಲ್ಲುತ್ತದೆ.)

ಅಜ್ಜಿ: ಅಯ್ಯೋ ಮಗಾ! 2024ರ ಬೇಸಿಗೆ ಮರೆತೇ ಹೋಯ್ತಾ? ಬೋರ್‌ವೆಲ್ ಬತ್ತಿತ್ತು. ಕೊಡ ಹಿಡಿದು ಟ್ಯಾಂಕರ್‌ಗೆ ಕಾದಿದ್ವಿ. ಕುಡಿಯೋ ನೀರಲ್ಲಿ ಕಾರ್ ತೊಳೆದ್ರೆ 5000 ರೂಪಾಯಿ ದಂಡ ಹಾಕಿದ್ರು!

ಹುಡುಗ: ತಪ್ಪಾಯ್ತಜ್ಜಿ. ಒದ್ದೆ ಬಟ್ಟೆಲಿ ಒರೆಸ್ತೀನಿ.

ಮೇಳ (ಮೆಲ್ಲಗೆ, ಬೆರಳಿನಿಂದ ತಮಟೆ): ಟಪ್... ಟಪ್... ಟಪ್...

ಸೂತ್ರಧಾರ: ಈ ಸದ್ದು ಯಾರ ಮನೇಲಿದೆ? ಕೈ ಎತ್ತಿ! ನಾಚಿಕೆ ಬೇಡ, ನಮ್ಮನೇಲೂ ಇತ್ತು. ರಾತ್ರಿ ನಲ್ಲಿ ಕೆಳಗೆ ಬಕೆಟ್ ಇಟ್ಟೆ. ಬೆಳಿಗ್ಗೆ ಅರ್ಧ ತುಂಬಿತ್ತು! ಒಳಗಿನ ವಾಷರ್ ಸವೆದಿತ್ತು, ಅಷ್ಟೇ.

ಅಜ್ಜಿ: ಅಕ್ಕಿ ತೊಳೆದ ನೀರು ಕರಿಬೇವಿನ ಗಿಡಕ್ಕೆ. ಆರ್‌ಓ ಫಿಲ್ಟರ್‌ನ ವೇಸ್ಟ್ ಪೈಪಿನ ನೀರು ನೆಲ ಒರೆಸೋಕೆ. ಮಾಡ್ತೀರಾ?

ಮೇಳ (ಜನರ ಜೊತೆ): ಮಾಡ್ತೀವಿ! (ಡಂ) ಮಾಡ್ತೀವಿ! (ಡಂ)

(ಸೂತ್ರಧಾರ ಜೇಬಿನಿಂದ ವಾಷರ್ ತೆಗೆದು, ಕೈ ಎತ್ತಿದವರಿಗೆ ಒಂದೊಂದು ಕೊಡುತ್ತಾನೆ.)

ಸೂತ್ರಧಾರ: ಅಣ್ಣಾ, ಇವತ್ತೇ ಹಾಕ್ಸಿ!