ಇನ್ನು ಸಿಗ್ನಲ್ ಇಲ್ಲದ ಕಡೆಯೂ ಜಾಬ್ ಶೀಟ್ ಮುಗಿಸಬಹುದು

ನಮಸ್ಕಾರ,

ಇವತ್ತಿನಿಂದ ನಿಮ್ಮ ಟೆಕ್ನಿಷಿಯನ್‌ಗಳು ನೆಟ್‌ವರ್ಕ್ ಇಲ್ಲದ ಜಾಗದಲ್ಲೂ ಜಾಬ್ ಶೀಟ್ ತೆರೆದು, ತುಂಬಿ, ಫೋಟೊ ಹಾಕಿ, ಗ್ರಾಹಕರ ಸಹಿ ಹಾಕಿಸಿಕೊಂಡು ಅಲ್ಲೇ ಕೆಲಸ ಮುಗಿಸಬಹುದು. ಸೈಟಿನಲ್ಲಿ ಚೀಟಿ ಮೇಲೆ ಗೀಚಿಕೊಂಡು, ಸಂಜೆ ಅದನ್ನೇ ಮತ್ತೆ ಆ್ಯಪ್‌ನಲ್ಲಿ ಟೈಪ್ ಮಾಡುವ ಗೋಳು ಇನ್ನಿಲ್ಲ. ಸಹಿಗೋಸ್ಕರ ಗ್ರಾಹಕರನ್ನು ಸಿಗ್ನಲ್ ಇರುವ ಕಡೆಗೆ ಕರೆದುಕೊಂಡು ಹೋಗುವುದೂ ಬೇಡ.

ಈ ಸೌಲಭ್ಯದ ಹೆಸರು ಆಫ್‌ಲೈನ್ ಜಾಬ್. ಆ್ಯಪ್‌ನ 6.2 ಆವೃತ್ತಿಯಲ್ಲಿ ಬಂದಿದೆ. ಎಲ್ಲ ಪ್ಲ್ಯಾನ್‌ಗಳಲ್ಲೂ ಇದೆ, ಬೇರೆ ದುಡ್ಡು ಕೊಡಬೇಕಿಲ್ಲ.

ನಿಮ್ಮಲ್ಲಿ ಹೆಚ್ಚಿನವರು ಲಿಫ್ಟ್, ಜನರೇಟರ್, ಪಂಪ್, ಎ.ಸಿ. ಸರ್ವಿಸ್ ಮಾಡುವವರು. ಈ ಯಂತ್ರಗಳು ಇರುವುದೇ ಸಿಗ್ನಲ್ ತಲುಪದ ಜಾಗಗಳಲ್ಲಿ. ನೆಲಮಾಳಿಗೆಯ ಕಾಂಕ್ರೀಟು, ಅದರೊಳಗಿನ ಕಬ್ಬಿಣದ ಸರಳುಗಳು ಮೊಬೈಲ್ ಸಿಗ್ನಲ್ಲನ್ನು ತಡೆಯುತ್ತವೆ. ಲಿಫ್ಟ್ ಕ್ಯಾಬಿನ್ನಂತೂ ಸುತ್ತಲೂ ಲೋಹದ ತಗಡು. ಫೋನ್ ಎಷ್ಟೇ ಒಳ್ಳೆಯದಿರಲಿ, ಅಲ್ಲಿ ಅದರ ಆಟ ನಡೆಯುವುದಿಲ್ಲ. ಹಾಗಾಗಿ ನೆಟ್‌ವರ್ಕ್ ಇದ್ದರೆ ಮಾತ್ರ ನಡೆಯುವ ಆ್ಯಪ್ ನಿಮಗೆ ಬೇಕಾದ ಹೊತ್ತಿಗೇ ಕೈಕೊಡುತ್ತದೆ. ನಮ್ಮ ಜೊತೆ ಮಾತಾಡಿದ ಟೆಕ್ನಿಷಿಯನ್‌ಗಳು ಮತ್ತೆ ಮತ್ತೆ ಕೇಳಿದ್ದೂ ಇದನ್ನೇ. ಹೊಸ ಬಣ್ಣ, ಹೊಸ ಬಟನ್ ಅಲ್ಲ. "ಕೆಳಗೆ ಹೋದರೂ ಆ್ಯಪ್ ನಡೀಬೇಕು," ಅಷ್ಟೇ.

ಸೈಟಿನಲ್ಲಿ ಹೇಗಿರುತ್ತದೆ

ಟೆಕ್ನಿಷಿಯನ್ ಬೆಳಿಗ್ಗೆ ನೆಟ್‌ವರ್ಕ್ ಇರುವ ಕಡೆ ಒಂದು ಸಲ ಆ್ಯಪ್ ತೆರೆದರೆ ಸಾಕು. ಆ ದಿನದ ಮತ್ತು ಮುಂದಿನ ಎರಡು ದಿನಗಳ ಜಾಬ್‌ಗಳು ಫೋನಿಗೆ ಇಳಿಯುತ್ತವೆ. ವಿಳಾಸ, ಯಂತ್ರದ ವಿವರ, ಹಿಂದಿನ ಸಲ ಏನು ಮಾಡಿದ್ದರು, ಯಾವ ಪಾರ್ಟ್ ಬದಲಾಯಿಸಿದ್ದರು, ತುಂಬಬೇಕಾದ ಚೆಕ್‌ಲಿಸ್ಟ್, ಎಲ್ಲವೂ ಅದರ ಜೊತೆಗೇ ಬರುತ್ತವೆ.

ಈಗ ಅವರು ಪಂಪ್ ರೂಮಿಗೆ ಇಳಿದರು ಅಂದುಕೊಳ್ಳಿ. ಮೇಲಿನ ಸಿಗ್ನಲ್ ಕಡ್ಡಿಗಳು ಒಂದೊಂದಾಗಿ ಹೋಗಿ ಖಾಲಿಯಾಗುತ್ತವೆ. ಜಾಬ್ ಶೀಟ್ ಮಾತ್ರ ಎಂದಿನಂತೆ ತೆರೆಯುತ್ತದೆ. ಮೋಟಾರಿನ ನೇಮ್‌ಪ್ಲೇಟ್‌ಗೆ ಟಾರ್ಚ್ ಹಿಡಿದು ಫೋಟೊ ತೆಗೆಯುತ್ತಾರೆ. ಮೂರು ಫೇಸ್‌ಗಳ ಕರೆಂಟ್ ರೀಡಿಂಗ್ ಬರೆಯುತ್ತಾರೆ. ಬೇರಿಂಗ್ ಸದ್ದು ಮಾಡುತ್ತಿದೆ ಎಂದು ಟಿಪ್ಪಣಿ ಹಾಕುತ್ತಾರೆ. ಬದಲಾಯಿಸಿದ ಸೀಲ್‌ನ ಫೋಟೊ ಸೇರಿಸುತ್ತಾರೆ. ಕಟ್ಟಡ ನೋಡಿಕೊಳ್ಳುವವರು ಪರದೆಯ ಮೇಲೆ ಬೆರಳಿನಿಂದ ಸಹಿ ಹಾಕುತ್ತಾರೆ. "ಜಾಬ್ ಮುಗಿಸಿ" ಒತ್ತಿದರೆ ಕೆಲಸ ಮುಗಿಯಿತು. ಪರದೆಯ ಮೇಲ್ತುದಿಯಲ್ಲಿ ಒಂದು ಸಣ್ಣ ಹಳದಿ ಪಟ್ಟಿ ಕಾಣುತ್ತದೆ: "ಫೋನಿನಲ್ಲಿ ಉಳಿಸಿದೆ. 1 ಜಾಬ್, 4 ಫೋಟೊ, 1 ಸಹಿ ಕಳಿಸಬೇಕಿದೆ."

ಮೇಲೆ ಬಂದು ಸಿಗ್ನಲ್ ಸಿಕ್ಕಿದಾಗ ಅದು ತಾನಾಗಿಯೇ ಹೋಗುತ್ತದೆ. ಹಳದಿ ಪಟ್ಟಿ ಹಸಿರಾಗಿ, "ಆಫೀಸಿಗೆ ತಲುಪಿದೆ" ಎಂದು ತೋರಿಸಿ ಮಾಯವಾಗುತ್ತದೆ.

ಕಳಿಸುವಾಗ ಮೊದಲು ಅಕ್ಷರ, ಅಂಕಿ ಮತ್ತು ಸಹಿ ಹೋಗುತ್ತವೆ, ಫೋಟೊಗಳು ಆಮೇಲೆ. ಸಿಗ್ನಲ್ ಅರೆಬರೆ ಇದ್ದರೂ ಜಾಬ್ ಮುಗಿದ ಸುದ್ದಿಯಾದರೂ ಬೇಗ ಆಫೀಸಿಗೆ ಮುಟ್ಟಲಿ ಅನ್ನುವುದು ಇದರ ಉದ್ದೇಶ. ಒಂದು ಫೋಟೊ ಅರ್ಧ ಹೋಗಿ ಸಂಪರ್ಕ ಕಡಿದರೆ, ನಿಂತಲ್ಲಿಂದಲೇ ಮುಂದುವರಿಯುತ್ತದೆ.

ಆಫೀಸಿನಲ್ಲಿ ಕೂತವರಿಗೆ

ಪ್ರತಿ ಜಾಬ್‌ನ ಮುಂದೆ ಈಗ ಎರಡು ಸಮಯ ಕಾಣುತ್ತವೆ. ಕೆಲಸ ಮುಗಿದದ್ದು ಯಾವಾಗ, ಮಾಹಿತಿ ನಿಮಗೆ ತಲುಪಿದ್ದು ಯಾವಾಗ. ಇದು ಸಣ್ಣ ವಿಷಯದಂತೆ ಕಾಣಬಹುದು, ಆದರೆ ತುಂಬಾ ಮುಖ್ಯ. ಟೆಕ್ನಿಷಿಯನ್ ಹನ್ನೊಂದಕ್ಕೇ ಕೆಲಸ ಮುಗಿಸಿರುತ್ತಾರೆ, ಸಿಗ್ನಲ್ ಸಿಕ್ಕಿದ್ದು ಒಂದು ಗಂಟೆಗೆ. ಒಂದೇ ಸಮಯ ತೋರಿಸಿದರೆ ಅವರು ಎರಡು ಗಂಟೆ ತಡ ಮಾಡಿದ ಹಾಗೆ ಲೆಕ್ಕ ಬೀಳುತ್ತದೆ. ಮಾಡದ ತಪ್ಪಿಗೆ ಯಾರೂ ಉತ್ತರ ಕೊಡುವಂತೆ ಆಗಬಾರದು. ನಿಮ್ಮ ತಿಂಗಳ ವರದಿಯಲ್ಲಿ ಲೆಕ್ಕಕ್ಕೆ ಬರುವುದು ಕೆಲಸ ಮುಗಿದ ಸಮಯ.

ಫೋನಿನ ಗಡಿಯಾರವನ್ನೇ ತಪ್ಪಾಗಿ ಇಟ್ಟಿದ್ದರೆ ಏನು ಅಂತ ಸೂಪರ್‌ವೈಸರ್‌ಗಳು ಕೇಳುವುದು ಸಹಜ. ಸಂಪರ್ಕ ಬಂದಾಗ ಆ್ಯಪ್ ಫೋನಿನ ಗಡಿಯಾರವನ್ನು ನಮ್ಮ ಸರ್ವರ್ ಗಡಿಯಾರದ ಜೊತೆ ಹೋಲಿಸುತ್ತದೆ. ಐದು ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸವಿದ್ದರೆ ಆ ಸಮಯದ ಪಕ್ಕ ಒಂದು ಗುರುತು ಬೀಳುತ್ತದೆ. ಸಮಯವನ್ನು ನಾವೇ ತಿದ್ದುವುದಿಲ್ಲ. ನೋಡಿ ತೀರ್ಮಾನಿಸುವುದು ನಿಮಗೆ ಬಿಟ್ಟದ್ದು.

ಒಂದೇ ಜಾಬ್ ಎರಡು ಕಡೆ ಬದಲಾದರೆ

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ. ಆಫ್‌ಲೈನ್ ಕೆಲಸದಲ್ಲಿ ನಿಜವಾದ ಕಷ್ಟ ಇರುವುದು ಇಲ್ಲೇ.

ಟೆಕ್ನಿಷಿಯನ್ ಕೆಳಗೆ ಶೀಟ್ ತುಂಬುತ್ತಿದ್ದಾರೆ. ಅದೇ ಹೊತ್ತಿಗೆ ಆಫೀಸಿನಲ್ಲಿ ನೀವು ಅದೇ ಜಾಬ್‌ನಲ್ಲಿ ಗ್ರಾಹಕರ ಫೋನ್ ನಂಬರ್ ಬದಲಾಯಿಸಿದಿರಿ. ಯಾವುದು ಉಳಿಯಬೇಕು? ಕೊನೆಗೆ ಬಂದದ್ದೇ ಸರಿ, ಮೊದಲಿನದ್ದು ಅಳಿಸಿಹೋಗಲಿ ಅನ್ನುವುದು ಸುಲಭದ ದಾರಿ. ಆದರೆ ಹಾಗೆ ಮಾಡಿದರೆ ಯಾರದೋ ಶ್ರಮ ಸದ್ದಿಲ್ಲದೆ ಅಳಿಸಿಹೋಗುತ್ತದೆ. ಅಳಿಸಿಹೋಗಿದೆ ಅನ್ನುವುದೇ ಗೊತ್ತಾಗುವುದಿಲ್ಲ. ಅದು ನಮಗೆ ಒಪ್ಪಿಗೆಯಾಗಲಿಲ್ಲ.

ಹಾಗಾಗಿ ಆ್ಯಪ್ ಇಡೀ ಶೀಟನ್ನು ಹೋಲಿಸದೆ ಒಂದೊಂದು ಕಾಲಂ ಅನ್ನು ಹೋಲಿಸುತ್ತದೆ. ನೀವು ಬದಲಾಯಿಸಿದ್ದು ಫೋನ್ ನಂಬರ್, ಅವರು ಬರೆದದ್ದು ರೀಡಿಂಗ್. ಎರಡೂ ಉಳಿಯುತ್ತವೆ, ಯಾರೂ ಏನೂ ಮಾಡಬೇಕಿಲ್ಲ. ಇಬ್ಬರೂ ಒಂದೇ ಕಾಲಂ ಅನ್ನು ಬದಲಾಯಿಸಿದ್ದರೆ ಮಾತ್ರ ಸೂಪರ್‌ವೈಸರ್ ಪರದೆಯಲ್ಲಿ ಇಬ್ಬರೂ ಬರೆದದ್ದು ಅಕ್ಕಪಕ್ಕ ಬರುತ್ತದೆ. ಯಾರು, ಯಾವಾಗ ಬರೆದರು ಅನ್ನುವುದೂ ಇರುತ್ತದೆ. ಒಂದನ್ನು ಆರಿಸಿದರೆ ಆಯಿತು. ಆರಿಸದೆ ಬಿಟ್ಟದ್ದೂ ಜಾಬ್‌ನ ಇತಿಹಾಸದಲ್ಲಿ ಉಳಿಯುತ್ತದೆ.

ಗ್ರಾಹಕರು ಸಹಿ ಹಾಕಿದ ಮೇಲೆ ಆ ಶೀಟಿನ ಕೆಲಸದ ಭಾಗಕ್ಕೆ ಬೀಗ ಬೀಳುತ್ತದೆ. ಅವರು ಏನನ್ನು ನೋಡಿ ಸಹಿ ಹಾಕಿದರೋ ಅದೇ ಉಳಿಯಬೇಕು ಅಲ್ವಾ? ಆಮೇಲೆ ಏನಾದರೂ ಸೇರಿಸುವುದಿದ್ದರೆ ಅದು ಪ್ರತ್ಯೇಕ ಟಿಪ್ಪಣಿಯಾಗಿ ಹೋಗುತ್ತದೆ.

ಒಂದೇ ಜಾಬ್ ಎರಡು ಸಲ ದಾಖಲಾಗುವ ಭಯವೂ ಬೇಡ. ಶೀಟ್ ತುಂಬಲು ಶುರು ಮಾಡಿದಾಗಲೇ ಫೋನ್ ಅದಕ್ಕೊಂದು ಗುರುತಿನ ಸಂಖ್ಯೆ ಕೊಡುತ್ತದೆ. ಸಿಗ್ನಲ್ ಬಂದು ಹೋಗಿ, ಅದೇ ಶೀಟ್ ಮೂರು ಸಲ ಕಳಿಸಿದಂತಾದರೂ, ಸರ್ವರ್ ಆ ಸಂಖ್ಯೆ ನೋಡಿ ಒಂದನ್ನೇ ಇಟ್ಟುಕೊಳ್ಳುತ್ತದೆ.

ನೆಟ್‌ವರ್ಕ್ ಬೇಕೇ ಬೇಕಾದ ಕೆಲಸಗಳು

ಕೆಲವು ಕೆಲಸ ಆಫ್‌ಲೈನ್‌ನಲ್ಲಿ ಆಗುವುದಿಲ್ಲ. ಸೈಟಿಗೆ ಹೋಗುವ ಮೊದಲೇ ಇದು ಗೊತ್ತಿರಲಿ. ಟೆಕ್ನಿಷಿಯನ್ ಕೆಳಗಿರುವಾಗ ನೀವು ಹಂಚಿದ ಹೊಸ ಜಾಬ್ ಅವರಿಗೆ ಕಾಣುವುದು ಸಿಗ್ನಲ್ ಬಂದ ಮೇಲೆ. ಗ್ರಾಹಕರಿಗೆ ಹೋಗುವ ಮೆಸೇಜ್ ಕೂಡ ಆಮೇಲೆಯೇ ಹೋಗುತ್ತದೆ. ಗೋದಾಮಿನಲ್ಲಿ ಎಷ್ಟು ಪಾರ್ಟ್ ಇದೆ ಅನ್ನುವ ಲೆಕ್ಕ ಕೊನೆಯ ಸಲ ಇಳಿಸಿಕೊಂಡಾಗಿನದ್ದು, ಅದರ ಸಮಯವನ್ನು ಪಕ್ಕದಲ್ಲೇ ಬರೆದಿರುತ್ತೇವೆ. ಅದನ್ನೇ ನಂಬಿ ಗ್ರಾಹಕರಿಗೆ ಮಾತು ಕೊಡಬೇಡಿ.

ಲೊಕೇಶನ್ ಬಗ್ಗೆ ಒಂದು ಮಾತು. ಜಿಪಿಎಸ್‌ಗೆ ಇಂಟರ್‌ನೆಟ್ ಬೇಡ, ಅದು ಉಪಗ್ರಹದ ಸಿಗ್ನಲ್ ಮೇಲೆ ನಡೆಯುತ್ತದೆ. ಆದರೆ ಆ ಸಿಗ್ನಲ್ ತೀರಾ ದುರ್ಬಲ, ನೆಲಮಾಳಿಗೆಯೊಳಗೆ ಸಾಮಾನ್ಯವಾಗಿ ತಲುಪುವುದಿಲ್ಲ. ಅಂಥ ಕಡೆ ಆ್ಯಪ್ ಕೊನೆಯದಾಗಿ ಸಿಕ್ಕ ಜಾಗವನ್ನು "ಅಂದಾಜು" ಎಂದು ಗುರುತು ಹಾಕಿ ದಾಖಲಿಸುತ್ತದೆ.

ಟೆಕ್ನಿಷಿಯನ್‌ಗಳಿಗೆ ದಯವಿಟ್ಟು ತಿಳಿಸಿ

ಹಳದಿ ಪಟ್ಟಿ ಇರುವಾಗ ಆ ಮಾಹಿತಿ ಇರುವುದು ಅವರ ಫೋನಿನಲ್ಲಿ ಮಾತ್ರ. ಆಗ ಆ್ಯಪ್ ತೆಗೆದುಹಾಕಬಾರದು. ಫೋನ್ ಸೆಟ್ಟಿಂಗ್ಸ್‌ಗೆ ಹೋಗಿ ಆ್ಯಪ್‌ನ ಡೇಟಾ ಅಳಿಸಬಾರದು. ಮೆಮೊರಿ ತುಂಬಿತು ಅಂತ ಕೆಲವರು ಇದನ್ನು ಸುಮ್ನೆ ಅಭ್ಯಾಸದಿಂದ ಮಾಡುತ್ತಾರೆ. ಹಾಗೆ ಅಳಿಸಿದ ಶೀಟನ್ನು ವಾಪಸ್ ತರಲು ನಮ್ಮಿಂದಲೂ ಆಗುವುದಿಲ್ಲ. ಲಾಗ್‌ಔಟ್ ಮಾಡಲು ಹೋದರೆ ಮಾತ್ರ ಆ್ಯಪ್ ತಾನೇ ತಡೆದು, ಕಳಿಸಬೇಕಾದ ಜಾಬ್ ಇದೆ ಎಂದು ಹೇಳುತ್ತದೆ.

ಬ್ಯಾಟರಿ ಸೇವರ್ ಹಾಕಿದ್ದರೆ ಹಿನ್ನೆಲೆಯಲ್ಲಿ ಕಳಿಸುವುದನ್ನು ಫೋನ್ ತಡೆಹಿಡಿಯಬಹುದು. ಕೆಲವು ಫೋನ್‌ಗಳು ಇದರಲ್ಲಿ ಬಲು ಕಟ್ಟುನಿಟ್ಟು. ಸೈಟಿನಿಂದ ಹೊರಗೆ ಬಂದ ಮೇಲೆ ಒಂದು ಸಲ ಆ್ಯಪ್ ತೆರೆದರೆ ತಕ್ಷಣ ಹೋಗುತ್ತದೆ.

ಫೋನ್ ಕಳೆದುಹೋದರೆ? ಅದರಲ್ಲಿರುವ ಜಾಬ್ ಮಾಹಿತಿ ಎನ್‌ಕ್ರಿಪ್ಟ್ ಆಗಿರುತ್ತದೆ, ಫೋನಿನ ಲಾಕ್ ತೆಗೆಯದೆ ಓದಲಾಗದು. ಅಡ್ಮಿನ್ ಪುಟದಲ್ಲಿ "ಈ ಫೋನ್ ತೆಗೆಯಿರಿ" ಒತ್ತಿದರೆ, ಅದು ಮುಂದೆ ನೆಟ್‌ವರ್ಕ್‌ಗೆ ಬಂದಾಗ ಎಲ್ಲವೂ ಅಳಿಯುತ್ತದೆ. ನೆಟ್‌ವರ್ಕ್‌ಗೆ ಬರದೇ ಹೋದರೂ 7 ದಿನದ ನಂತರ ಆ್ಯಪ್ ಮತ್ತೆ ಪಾಸ್‌ವರ್ಡ್ ಕೇಳುತ್ತದೆ, ಸಂಪರ್ಕ ಇಲ್ಲದೆ ಒಳಗೆ ಬಿಡುವುದಿಲ್ಲ.

ಶುರು ಮಾಡುವುದು ಹೇಗೆ

ಆ್ಯಪ್ ಅಪ್‌ಡೇಟ್ ಮಾಡಿ, ನೆಟ್‌ವರ್ಕ್ ಇರುವ ಕಡೆ ಒಂದು ಸಲ ತೆರೆಯಿರಿ. ಮೊದಲ ಸಲ ಜಾಬ್‌ಗಳು ಇಳಿಯಲು ಸ್ವಲ್ಪ ಹೊತ್ತು ಬೇಕು, ಅದನ್ನು ವೈಫೈನಲ್ಲಿ ಮಾಡಿದರೆ ಒಳ್ಳೆಯದು. ಆಮೇಲೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಒಂದು ಪರೀಕ್ಷಾ ಜಾಬ್ ತುಂಬಿ ನೋಡಿ. ಮೆನುವಿನಲ್ಲಿ "ಪ್ರಯತ್ನಿಸಿ ನೋಡಿ" ಅಂತ ಅದಕ್ಕೆಂದೇ ಒಂದಿದೆ, ಅದು ನಿಮ್ಮ ವರದಿಗಳಲ್ಲಿ ಸೇರುವುದಿಲ್ಲ. ಸೈಟಿಗೆ ಹೋಗುವ ಮೊದಲೇ ಹೀಗೆ ಕೈ ಪಳಗಿಸಿಕೊಂಡರೆ ಅಲ್ಲಿ ಗಾಬರಿ ಇರುವುದಿಲ್ಲ.

ಸೂಪರ್‌ವೈಸರ್‌ಗಳು ಅಡ್ಮಿನ್ ಪುಟದ "ಫೋನ್‌ಗಳು" ವಿಭಾಗದಲ್ಲಿ ಯಾರು ಯಾವ ಆವೃತ್ತಿಯಲ್ಲಿದ್ದಾರೆ, ಯಾರ ಫೋನ್ ಕೊನೆಯದಾಗಿ ಯಾವಾಗ ಸಂಪರ್ಕಕ್ಕೆ ಬಂದಿತ್ತು ಎಂದು ನೋಡಬಹುದು. ಹಳೆಯ ಆವೃತ್ತಿಯಲ್ಲಿ ಇರುವವರಿಗೆ ಎಲ್ಲವೂ ಮೊದಲಿನಂತೆಯೇ ನಡೆಯುತ್ತದೆ, ಆಫ್‌ಲೈನ್ ಒಂದು ಇರುವುದಿಲ್ಲ.

ಎಲ್ಲಾದರೂ ಶೀಟ್ ಹಳದಿಯಲ್ಲೇ ನಿಂತುಬಿಟ್ಟರೆ ಆ ಪಟ್ಟಿಯ ಮೇಲೆ ಒತ್ತಿ "ಸಹಾಯ ಬೇಕು" ಆರಿಸಿ. ಏನು ಸಿಕ್ಕಿಕೊಂಡಿದೆ ಅನ್ನುವ ವಿವರ ನೆಟ್‌ವರ್ಕ್ ಬಂದಾಗ ನಮ್ಮ ಸಪೋರ್ಟ್ ತಂಡಕ್ಕೆ ಬರುತ್ತದೆ, ನಾವೇ ನಿಮಗೆ ಕರೆ ಮಾಡುತ್ತೇವೆ. ನಿಮ್ಮ ಸೈಟುಗಳಲ್ಲಿ ಇದು ಹೇಗೆ ನಡೆಯುತ್ತಿದೆ ಎಂದು ಈ ಮೇಲ್‌ಗೇ ಉತ್ತರಿಸಿ ತಿಳಿಸಿ. ಅದರಲ್ಲೂ ಲಿಫ್ಟ್ ಪಿಟ್, ಸುರಂಗ, ಹಡಗಿನ ಎಂಜಿನ್ ರೂಮಿನಂಥ ಜಾಗಗಳಲ್ಲಿ ಕೆಲಸ ಮಾಡುವವರ ಅನುಭವ ನಮಗೆ ಬೇಕು.

ವಂದನೆಗಳೊಂದಿಗೆ,
ಪ್ರಾಡಕ್ಟ್ ತಂಡ