ನಿಮ್ಮವರನ್ನು ಕರೆತನ್ನಿ, ಇಬ್ಬರಿಗೂ ₹75

ಗಂಜ್‌ನಲ್ಲಿ ಯಾವ ಅಂಗಡಿಯ ಬೇಳೆ ಚಲೋ ಅಂತ ಕಲಬುರಗಿಯಲ್ಲಿ ಯಾರೂ ಬೋರ್ಡ್ ನೋಡಿ ತಿಳಿದುಕೊಳ್ಳುವುದಿಲ್ಲ. ಪಕ್ಕದ ಮನೆಯ ವೈನಿಯನ್ನು ಕೇಳುತ್ತೇವೆ, ಅವರು ಹೇಳಿದ ಕಡೆಯೇ ಹೋಗುತ್ತೇವೆ. ನಮ್ಮ ಕಿರಾಣಿ ಆ್ಯಪ್ ಕೂಡ ಹೀಗೇ ಬಾಯಿಂದ ಬಾಯಿಗೆ ಹಬ್ಬಿದ್ದು. ಹಾಗಾಗಿ ಜಾಹೀರಾತಿಗೆ ಹಾಕುವ ದುಡ್ಡನ್ನು ಹೇಳಿದವರಿಗೂ ಕೇಳಿದವರಿಗೂ ಹಂಚುವುದೇ ಸರಿ ಅನಿಸಿತು.

ಲೆಕ್ಕ ಸರಳ. ನಿಮ್ಮ ಕೋಡ್ ಹಾಕಿ ಹೊಸಬರು ಮೊದಲ ಆರ್ಡರ್ ಮಾಡಿದರೆ ಅವರಿಗೆ ₹75, ನಿಮಗೂ ₹75. ಮೊದಲ ಬಿಲ್ ಕನಿಷ್ಠ ₹399 ಆಗಿರಬೇಕು, ಅಷ್ಟೇ.

ಒಂದು ಉದಾಹರಣೆ ನೋಡಿ. ಬ್ರಹ್ಮಪುರದಲ್ಲಿರುವ ಅಕ್ಕ ತನ್ನ ಕೋಡನ್ನು ಜೇವರ್ಗಿ ರಸ್ತೆಯ ತಂಗಿಗೆ ವಾಟ್ಸಾಪ್ ಮಾಡುತ್ತಾಳೆ. ತಂಗಿ ಆ್ಯಪ್ ಹಾಕಿಕೊಂಡು, ಹೆಸರು ನೋಂದಾಯಿಸುವಾಗಲೇ ಆ ಕೋಡ್ ಒತ್ತುತ್ತಾಳೆ. ಐದು ಕಿಲೋ ಬಿಳಿ ಜೋಳ ₹250, ಒಂದು ಕಿಲೋ ತೊಗರಿ ಬೇಳೆ ₹150, ಹಿಂಡಿ ಕುಟ್ಟಲು ಅರ್ಧ ಕಿಲೋ ಶೇಂಗಾ ₹80. ಒಟ್ಟು ₹480. ಅದರಲ್ಲಿ ₹75 ಅಲ್ಲೇ ಕಡಿಮೆಯಾಗಿ ತಂಗಿ ಕೊಡುವುದು ₹405. ಸಾಮಾನು ಅವಳ ಮನೆ ಮುಟ್ಟಿದ ಮರುದಿನ ಅಕ್ಕನ ಖಾತೆಗೆ ₹75 ಬರುತ್ತದೆ. ಮುಂದಿನ ಸಲ ಅಕ್ಕ ₹350ರ ಸಾಮಾನು ತರಿಸಿದರೆ ಕೊಡುವುದು ₹275 ಮಾತ್ರ. ₹399 ಆಯಿತೋ ಇಲ್ಲವೋ ಅಂತ ನೋಡುವುದು ರಿಯಾಯಿತಿ ಕಳೆಯುವ ಮೊದಲಿನ ಬಿಲ್‌ನಲ್ಲಿ. ಹಾಗಾಗಿ ₹75 ಕಳೆದರೆ ಕಡಿಮೆ ಬೀಳುತ್ತದೇನೋ ಅನ್ನುವ ಚಿಂತೆ ಬೇಡ.

ಒಂದು ಮಾತು ಮಾತ್ರ ಗಟ್ಟಿಯಾಗಿ ನೆನಪಿಡಿ: ಕೋಡ್ ಹಾಕಬೇಕಾದ್ದು ಮೊದಲ ಆರ್ಡರ್‌ಗಿಂತ ಮುಂಚೆ. ಆರ್ಡರ್ ಆದ ಮೇಲೆ ಸೇರಿಸಲು ಬರುವುದಿಲ್ಲ. ಅದಕ್ಕೇ ಸುಮ್ನೆ "ಆ್ಯಪ್ ಹಾಕ್ಕೋ" ಅಂತ ಹೇಳಿ ಬಿಡಬೇಡಿ. ಕೋಡನ್ನೂ ಜೊತೆಗೇ ಕಳಿಸಿ. ಮನೆಯಲ್ಲಿ ಅವ್ವ, ಅತ್ತಿ, ಕಾಕಾ ಇದ್ದರೆ ಪಕ್ಕದಲ್ಲಿ ಕೂತು ನೀವೇ ಹಾಕಿಕೊಡಿ, ಎರಡು ನಿಮಿಷದ ಕೆಲಸ.

ಮಗಳು ಬೆಂಗಳೂರಲ್ಲೋ ಹೈದರಾಬಾದಲ್ಲೋ ಇದ್ದಾಳಾ? ಅವಳೂ ಸೇರಬಹುದು. ನಾವು ನೋಡುವುದು ಫೋನ್ ಎಲ್ಲಿದೆ ಅಂತಲ್ಲ, ಸಾಮಾನು ಎಲ್ಲಿಗೆ ಹೋಗಬೇಕು ಅಂತ. ಅವಳು ಅಲ್ಲಿಂದ ಆರ್ಡರ್ ಮಾಡಿ ಶಹಾಬಜಾರ್‌ನ ತವರುಮನೆ ವಿಳಾಸ ಕೊಟ್ಟರೆ ಸಾಕು. ಎಲ್ಲಕ್ಕಿಂತ ಜಾಸ್ತಿ ಖುಷಿ ಕೊಡುವ ಆರ್ಡರ್ ನಮಗೆ ಇದೇ. ಬೀದರ್, ಯಾದಗಿರಿ ವಿಳಾಸಕ್ಕೆ ಸದ್ಯಕ್ಕೆ ತಲುಪಿಸುತ್ತಿಲ್ಲ, ಅಲ್ಲಿನ ನೆಂಟರು ದಯವಿಟ್ಟು ಸ್ವಲ್ಪ ಕಾಯಬೇಕು.

ಈ ₹75 ಕ್ರೆಡಿಟ್ ಆ್ಯಪ್‌ನಲ್ಲೇ ಖರ್ಚು ಮಾಡಲು. ಬ್ಯಾಂಕಿಗೆ ಕಳಿಸಿಕೊಳ್ಳಲು ಆಗುವುದಿಲ್ಲ, ಡೆಲಿವರಿ ಚಾರ್ಜ್‌ಗೂ ಹೊಂದುವುದಿಲ್ಲ. ₹300 ಮೇಲಿನ ಯಾವ ಬಿಲ್‌ಗಾದರೂ ಬಳಸಿ. ಬಂದ ದಿನದಿಂದ 60 ದಿನ ಇರುತ್ತದೆ, ಮುಗಿಯಲು ಒಂದು ವಾರ ಇರುವಾಗ ಕನ್ನಡದಲ್ಲೇ ಮೆಸೇಜ್ ಬರುತ್ತದೆ. ತಿಂಗಳಿಗೆ 10 ಜನರವರೆಗೆ ಕರೆತರಬಹುದು. ಒಂದು ಮೊಬೈಲ್ ನಂಬರ್‌ಗೆ ಒಂದೇ ಖಾತೆ. ದುಡ್ಡು ಯುಪಿಐನಲ್ಲಿ ಕೊಟ್ಟರೂ ಸರಿ, ಬಾಗಿಲಲ್ಲಿ ನಗದು ಕೊಟ್ಟರೂ ಸರಿ.

ಮೊದಲ ಆರ್ಡರ್ ರದ್ದಾದರೆ ನಿಮ್ಮ ₹75 ಬರುವುದಿಲ್ಲ. ಆದರೆ ಎಣ್ಣೆ ಪ್ಯಾಕೆಟ್ ಒಡೆದು ಬಂತು, ಬೇಳೆಯಲ್ಲಿ ನುಸಿ ಇತ್ತು ಅಂತ ವಾಪಸ್ ಮಾಡಿದರೆ ಆ ತಪ್ಪು ನಮ್ಮದು. ಆಗ ಬಿಲ್ ₹399ಕ್ಕಿಂತ ಕೆಳಗೆ ಇಳಿದರೂ ಇಬ್ಬರ ಕ್ರೆಡಿಟ್‌ಗೂ ಕೈ ಹಚ್ಚುವುದಿಲ್ಲ.

ಇನ್ನೊಂದು ವಿಷಯ, ಇದನ್ನು ಮನೆಯ ಹಿರಿಯರಿಗೂ ಹೇಳಿ. ಕ್ರೆಡಿಟ್ ತಾನಾಗೇ ಬರುತ್ತದೆ. ಅದಕ್ಕಾಗಿ ನಮ್ಮವರು ಯಾರೂ ಫೋನ್ ಮಾಡುವುದಿಲ್ಲ, ಒಟಿಪಿ ಅಥವಾ ಯುಪಿಐ ಪಿನ್ ಕೇಳುವುದಿಲ್ಲ. ಯಾರಾದರೂ ಕೇಳಿದರೆ ಫೋನ್ ಇಟ್ಟುಬಿಡಿ. ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ, ಅದು ಸೈಬರ್ ವಂಚನೆಯ ದೂರಿಗೆ ಇರುವ ಸರ್ಕಾರಿ ಸಹಾಯವಾಣಿ.

ನಿಮ್ಮ ಕೋಡ್ ಎಲ್ಲಿದೆ? ಆ್ಯಪ್ ತೆರೆದು ಕೆಳಗಡೆ "ನನ್ನ ಖಾತೆ" ಒತ್ತಿ, ಅಲ್ಲಿ "ನಿಮ್ಮವರನ್ನು ಕರೆತನ್ನಿ" ಅಂತ ಇದೆ. KLB4827 ತರಹ ಇಂಗ್ಲಿಷ್ ಅಕ್ಷರ, ಅಂಕಿ ಸೇರಿದ ಕೋಡ್ ಕಾಣಿಸುತ್ತದೆ. ಪಕ್ಕದ ಹಸಿರು ಬಟನ್ ಒತ್ತಿದರೆ ನೇರ ವಾಟ್ಸಾಪ್‌ಗೆ ಹೋಗುತ್ತದೆ. ತಿಂಗಳ ಸಂತೆಗೆ ಪಟ್ಟಿ ಬರೆಯುತ್ತಿರುವ ಮನೆ ಯಾವುದು ಅಂತ ನಿಮಗೆ ಗೊತ್ತೇ ಇರುತ್ತೆ, ಅಲ್ವಾ? ಮೊದಲು ಅವರಿಗೇ ಕಳಿಸಿ.