ಜೀವಕೋಶದ ಉಸಿರಾಟ: ನನ್ನ ಸಾರಾಂಶ ಹಾಳೆ ಕಳಿಸಿದ್ದೇನೆ, ಎಲ್ಲಿ ಬಿಟ್ಟು ಹೋಗಿದೆ ನೋಡಿ ಮೇಡಮ್

ನಮಸ್ಕಾರ ಮೇಡಮ್,

ಜೀವಕೋಶದ ಉಸಿರಾಟದ ಪಾಠವನ್ನೆಲ್ಲ ಒಂದೇ ಹಾಳೆಗೆ ಇಳಿಸಿದ್ದೇನೆ, ಎರಡೂ ಬದಿ ತುಂಬಿದೆ. ಸ್ಕ್ಯಾನ್ ಮಾಡಿ ಇದರ ಜೊತೆ ಲಗತ್ತಿಸಿದ್ದೇನೆ. ಪುಸ್ತಕ ಮುಚ್ಚಿಟ್ಟು ನೆನಪಿನಿಂದಲೇ ಬರೆದದ್ದು, ಆಮೇಲೆ ಪುಸ್ತಕ ನೋಡಿ ಸೇರಿಸಿದ್ದೆಲ್ಲ ಹಸಿರು ಶಾಯಿಯಲ್ಲಿದೆ. ಹಾಗಾಗಿ ಹಸಿರು ಜಾಸ್ತಿ ಇರುವ ಕಡೆಯೇ ನನಗೆ ಪಾಠ ಗಟ್ಟಿಯಾಗಿಲ್ಲ ಅಂತ ಲೆಕ್ಕ. ಅಕ್ಷರ, ಚಿತ್ರದ ಅಂದ ಇವನ್ನೆಲ್ಲ ಬಿಟ್ಟುಬಿಡಿ. ಒಂದು ಹಂತದಿಂದ ಇನ್ನೊಂದಕ್ಕೆ ಹೋಗುವಾಗ ಕಾರಣ ಎಲ್ಲಿ ತಪ್ಪಿಹೋಗಿದೆ, ಅದನ್ನು ತೋರಿಸಿದರೆ ಸಾಕು.

ಮುಂದಿನ ಬದಿಯ ಮೇಲ್ಭಾಗ ಸರಿ ಇದೆ ಅಂದುಕೊಂಡಿದ್ದೇನೆ, ಒಮ್ಮೆ ಕಣ್ಣಾಡಿಸಿ. ಗ್ಲೈಕಾಲಿಸಿಸ್ ಸೈಟೋಪ್ಲಾಸಂನಲ್ಲಿ, ಒಂದು ಗ್ಲುಕೋಸ್‌ನಿಂದ ಎರಡು ಪೈರುವೇಟ್, 2 ಎಟಿಪಿ ಹಾಕಿ 4 ಪಡೆಯುವುದು, ಜೊತೆಗೆ 2 ಎನ್‌ಎಡಿಎಚ್. ಪೈರುವೇಟ್ ಮೈಟೋಕಾಂಡ್ರಿಯಾದ ಒಳಗೆ ಹೋಗಿ ಅಸಿಟೈಲ್ ಕೋಎ ಆಗುವಾಗ ಇನ್ನೆರಡು ಎನ್‌ಎಡಿಎಚ್, ಎರಡು ಇಂಗಾಲದ ಡೈಆಕ್ಸೈಡ್. ಕ್ರೆಬ್ಸ್ ಚಕ್ರ ಎರಡು ಸುತ್ತು ತಿರುಗಿದರೆ 6 ಎನ್‌ಎಡಿಎಚ್, 2 ಎಫ್‌ಎಡಿಎಚ್2, ನೇರವಾಗಿ 2 ಎಟಿಪಿ (ಅಥವಾ ಜಿಟಿಪಿ), ಉಳಿದ ನಾಲ್ಕು ಇಂಗಾಲದ ಡೈಆಕ್ಸೈಡ್.

ಇಲ್ಲೇ ಪಕ್ಕದಲ್ಲಿ ಒಂದು ಚೌಕ ಹಾಕಿದ್ದೇನೆ. ಒಟ್ಟು 10 ಎನ್‌ಎಡಿಎಚ್, 2 ಎಫ್‌ಎಡಿಎಚ್2, ಅಂದರೆ 12 ವಾಹಕಗಳು. ಒಂದೊಂದರಲ್ಲಿ ಎರಡು ಎಲೆಕ್ಟ್ರಾನ್ ಅಂದರೆ 24. ಒಂದು O2 ನಾಲ್ಕು ಎಲೆಕ್ಟ್ರಾನ್ ತಗೊಳ್ಳುತ್ತದೆ, 24ನ್ನು 4ರಿಂದ ಭಾಗಿಸಿದರೆ 6. ಸಮೀಕರಣದಲ್ಲಿರುವ 6O2 ಸರಿಯಾಗಿ ಬಂತು! ಇದು ಪುಸ್ತಕದಲ್ಲಿಲ್ಲ, ಸುಮ್ನೆ ಲೆಕ್ಕ ಹಾಕಿ ನೋಡಿದ್ದು. ಆದರೆ ಅದೇ ಲೆಕ್ಕ ಮುಂದುವರಿಸಿದರೆ 6O2ನಿಂದ 12 ನೀರು ಬರಬೇಕು, ಸಮೀಕರಣದಲ್ಲಿ 6 ಮಾತ್ರ ಇದೆ. ಹಾಗಾಗಿ ಹೀಗೆ ಬರೆದಿದ್ದೇನೆ:

C6H12O6 + 6O2 + 6H2O → 6CO2 + 12H2O

ಎಡಗಡೆಯ ಆರು ನೀರು ದಾರಿಯಲ್ಲಿ ಖರ್ಚಾಗುತ್ತದೆ, ಎರಡೂ ಕಡೆಯಿಂದ ಆರಾರು ತೆಗೆದರೆ ಪುಸ್ತಕದ ಸಮೀಕರಣವೇ ಸಿಗುತ್ತದೆ. ಹಾಗಿದ್ದರೆ ನಾವು ಉಸಿರಾಡುವ ಆಮ್ಲಜನಕ ನೀರಿಗೆ ಸೇರುತ್ತದೆ, ಹೊರಬಿಡುವ CO2ಗೆ ಅಲ್ಲ, ಅಲ್ವಾ? ಈ ವಾಕ್ಯವನ್ನು ಹಾಳೆಯಲ್ಲಿ ದೊಡ್ಡದಾಗಿ ಬರೆದಿದ್ದೇನೆ. ಸರಿ ಇದ್ದರೆ ಒಂದು ಟಿಕ್ ಹಾಕಿ.

ಈಗ ನಿಜವಾಗಿ ಸಿಕ್ಕಿಹಾಕಿಕೊಂಡಿರುವ ಜಾಗ. ಕ್ರೆಬ್ಸ್ ಚಕ್ರದ ಯಾವ ಹಂತದಲ್ಲೂ ಆಮ್ಲಜನಕ ನೇರವಾಗಿ ಬರುವುದಿಲ್ಲ, ಆದರೂ ಆಮ್ಲಜನಕ ಇಲ್ಲದಿದ್ದರೆ ಅದು ನಿಲ್ಲುತ್ತದೆ. ನಾನು ಬರೆದಿರುವ ಕಾರಣ ಒಂದೇ ಸಾಲು: "ಎಲೆಕ್ಟ್ರಾನ್ ಸಾಗಣೆ ಸರಪಳಿ ನಿಂತರೆ ಎನ್‌ಎಡಿಎಚ್ ಖಾಲಿಯಾಗುವುದಿಲ್ಲ, ಎನ್‌ಎಡಿ+ ಸಿಗುವುದಿಲ್ಲ." ಇಷ್ಟರವರೆಗೆ ಒಪ್ಪುತ್ತೇನೆ. ಆದರೆ ಹುದುಗುವಿಕೆಯಲ್ಲಿ ಪೈರುವೇಟ್ ಲ್ಯಾಕ್ಟೇಟ್ ಆಗುವಾಗ ಎನ್‌ಎಡಿ+ ವಾಪಸ್ ಸಿಗುತ್ತದಲ್ಲ, ಅದನ್ನೇ ಕ್ರೆಬ್ಸ್ ಚಕ್ರ ಯಾಕೆ ಬಳಸಿಕೊಳ್ಳಬಾರದು ಅಂತ ಯಾರಾದರೂ ಕೇಳಿದರೆ ನನ್ನ ಹಾಳೆ ಉತ್ತರ ಕೊಡುವುದಿಲ್ಲ. ನನಗೆ ಹೊಳೆದದ್ದು ಇಷ್ಟು: ಗ್ಲೈಕಾಲಿಸಿಸ್‌ನಲ್ಲಿ ಬಂದದ್ದು ಎರಡು ಎನ್‌ಎಡಿಎಚ್, ಎರಡು ಪೈರುವೇಟ್ ಸೇರಿ ತೀರಿಸುವುದೂ ಎರಡೇ. ಲೆಕ್ಕ ಅಲ್ಲಿಗೇ ಚುಕ್ತಾ. ಕ್ರೆಬ್ಸ್ ಚಕ್ರಕ್ಕೆ ಕೊಡಲು ಮಿಕ್ಕಿದ್ದೇನೂ ಇಲ್ಲ, ಅದರ ಮೇಲೆ ಅಲ್ಲಿಗೆ ಹೋಗಬೇಕಿದ್ದ ಪೈರುವೇಟೇ ಎಲೆಕ್ಟ್ರಾನ್ ತಗೊಂಡು ಲ್ಯಾಕ್ಟೇಟ್ ಆಗಿಬಿಟ್ಟಿದೆ. ಇದು ಪೂರ್ತಿ ಉತ್ತರವೇ, ಇಲ್ಲ ಇನ್ನೂ ಏನಾದರೂ ಇದೆಯೇ? ಇದಕ್ಕಾಗಿ ಬಲಗಡೆ ಮೂರು ಬೆರಳು ಜಾಗ ಖಾಲಿ ಬಿಟ್ಟಿದ್ದೇನೆ.

ಎಟಿಪಿಯ ಒಟ್ಟು ಲೆಕ್ಕ ಇನ್ನೊಂದು ತಲೆನೋವು. ಹಳೆಯ ನೋಟ್ಸ್‌ನಲ್ಲಿ 38 ಅಂತ ಇದೆ, ಕೆಲವು ಕಡೆ 36, ಈಗಿನ ಪುಸ್ತಕಗಳಲ್ಲಿ 30 ಅಥವಾ 32. ಯಾವುದನ್ನೂ ಬಾಯಿಪಾಠ ಮಾಡದೆ ಎರಡೂ ಲೆಕ್ಕ ಪಕ್ಕಪಕ್ಕ ಹಾಕಿದ್ದೇನೆ:

```
10 × 3   + 2 × 2   + 4 = 38
10 × 2.5 + 2 × 1.5 + 4 = 32
```

ಸೈಟೋಪ್ಲಾಸಂನ ಎರಡು ಎನ್‌ಎಡಿಎಚ್ ನೇರವಾಗಿ ಒಳಗೆ ಹೋಗಲಾರವು, ಅವುಗಳ ಎಲೆಕ್ಟ್ರಾನ್‌ಗಳು ಗ್ಲಿಸರಾಲ್ ಫಾಸ್ಫೇಟ್ ಮಾರ್ಗದಲ್ಲಿ ಹೋದರೆ ಒಂದೊಂದಕ್ಕೆ 1.5 ಮಾತ್ರ, ಆಗ 32 ಇಳಿದು 30 ಆಗುತ್ತದೆ. ಮ್ಯಾಲೇಟ್ ಆಸ್ಪಾರ್ಟೇಟ್ ಮಾರ್ಗವಾದರೆ 32 ಹಾಗೇ ಉಳಿಯುತ್ತದೆ. 2.5 ಯಾಕೆ ಅನ್ನುವುದಕ್ಕೆ, ಒಂದು ಎನ್‌ಎಡಿಎಚ್‌ಗೆ ಹೊರಗೆ ಪಂಪ್ ಆಗುವ ಪ್ರೋಟಾನ್ 10, ಒಂದು ಎಟಿಪಿಗೆ ಬೇಕಾಗುವುದು ಸುಮಾರು 4 ಅಂತ ಬರೆದಿದ್ದೇನೆ. ಎಫ್‌ಎಡಿಎಚ್2 ಎರಡನೇ ಸಂಕೀರ್ಣದಲ್ಲಿ ಸೇರುತ್ತದೆ, ಅಲ್ಲಿ ಪಂಪ್ ಇಲ್ಲ, ಹಾಗಾಗಿ ಅದಕ್ಕೆ 6 ಪ್ರೋಟಾನ್, 1.5 ಎಟಿಪಿ. ಪರೀಕ್ಷೆಯಲ್ಲಿ 38 ಬರೆಯಲೋ 32 ಬರೆಯಲೋ, ಅದನ್ನು ಮಾತ್ರ ನೇರವಾಗಿ ಹೇಳಿಬಿಡಿ ಮೇಡಮ್. ಅದು ಯೋಚಿಸಿ ಕಂಡುಹಿಡಿಯುವ ವಿಷಯವಲ್ಲ.

ಹಿಂದಿನ ಬದಿಯಲ್ಲಿ ಸಯನೈಡ್, ಆಲಿಗೋಮೈಸಿನ್, ಡಿಎನ್‌ಪಿ ಮೂರನ್ನೂ ಹೋಲಿಸಿ ಒಂದು ಕೋಷ್ಟಕ ಇದೆ. ಸಯನೈಡ್ ನಾಲ್ಕನೇ ಸಂಕೀರ್ಣವನ್ನು ತಡೆಯುತ್ತದೆ, ಆಮ್ಲಜನಕದ ಬಳಕೆಯೂ ಎಟಿಪಿಯೂ ನಿಲ್ಲುತ್ತವೆ, ಇದು ಸುಲಭ. ಆಲಿಗೋಮೈಸಿನ್ ಎಟಿಪಿ ಸಿಂಥೇಸನ್ನು ಮಾತ್ರ ತಡೆಯುತ್ತದೆ, ಸರಪಳಿಯನ್ನು ಮುಟ್ಟುವುದಿಲ್ಲ, ಆದರೂ ಆಮ್ಲಜನಕದ ಬಳಕೆ ಇಳಿಯುತ್ತದೆ. ಪ್ರೋಟಾನ್‌ಗಳು ವಾಪಸ್ ಬರುವ ದಾರಿ ಮುಚ್ಚಿ ಹೊರಗಡೆ ಒತ್ತಡ ಏರುತ್ತದೆ, ಅದರ ವಿರುದ್ಧ ಪಂಪ್ ಮಾಡಲಾಗದೆ ಸರಪಳಿಯೂ ನಿಧಾನವಾಗುತ್ತದೆ ಅಂತ ಕಾರಣ ಕೊಟ್ಟಿದ್ದೇನೆ. ಹಾಗಿದ್ದರೆ ಅದೇ ಪಾತ್ರೆಗೆ ಡಿಎನ್‌ಪಿ ಹಾಕಿದರೆ ಪ್ರೋಟಾನ್‌ಗಳು ಒಳಪೊರೆಯ ಮೂಲಕವೇ ಸೋರಿ, ಆಮ್ಲಜನಕದ ಬಳಕೆ ಮತ್ತೆ ಏರಬೇಕು, ಎಟಿಪಿ ಮಾತ್ರ ಬರಬಾರದು, ಶಕ್ತಿಯೆಲ್ಲ ಶಾಖವಾಗಿ ಹೋಗಬೇಕು. ಈ ತರ್ಕದಲ್ಲಿ ಎಲ್ಲಾದರೂ ಹಂತ ಹಾರಿದ್ದೇನಾ? "ಒತ್ತಡ" ಅನ್ನುವ ಪದ ನನಗೇ ಸ್ವಲ್ಪ ಸಡಿಲ ಅನ್ನಿಸುತ್ತಿದೆ. ಪ್ರೋಟಾನ್‌ಗಳ ಸಾಂದ್ರತೆಯ ವ್ಯತ್ಯಾಸ, ವಿದ್ಯುತ್ ಆವೇಶದ ವ್ಯತ್ಯಾಸ ಎರಡನ್ನೂ ಬೇರೆ ಬೇರೆ ಬರೆಯಬೇಕಾ?

ಕೊಬ್ಬು ಮತ್ತು ಪ್ರೋಟೀನ್ ಚೌಕ ಬಹಳ ಬಡವಾಗಿದೆ, ಗೊತ್ತಿದ್ದೇ ಕಳಿಸುತ್ತಿದ್ದೇನೆ. ಕೊಬ್ಬಿನ ಆಮ್ಲ ಒಡೆದು ಅಸಿಟೈಲ್ ಕೋಎ ಆಗಿ ಒಳಗೆ ಸೇರುತ್ತದೆ, ಅಮೈನೋ ಆಮ್ಲ ಅಮೈನೋ ಗುಂಪು ಕಳೆದುಕೊಂಡು ಬೇರೆ ಬೇರೆ ಕಡೆ ಸೇರುತ್ತದೆ, ಇಷ್ಟೇ. ಉಸಿರಾಟದ ಅನುಪಾತ ಗ್ಲುಕೋಸ್‌ಗೆ 1, ಪಾಮಿಟಿಕ್ ಆಮ್ಲಕ್ಕೆ 16/23 ಅಂದರೆ ಸುಮಾರು 0.7 ಅಂತ ಲೆಕ್ಕ ಮಾಡಿ ತೋರಿಸಿದ್ದೇನೆ. ನಿಯಂತ್ರಣದ ಬಗ್ಗೆ ಫಾಸ್ಫೋಫ್ರಕ್ಟೋಕೈನೇಸ್ ಒಂದೇ ಇದೆ: ಎಟಿಪಿ, ಸಿಟ್ರೇಟ್ ಜಾಸ್ತಿಯಾದರೆ ನಿಧಾನ, ಎಎಂಪಿ ಜಾಸ್ತಿಯಾದರೆ ಚುರುಕು. ಪರೀಕ್ಷೆಗೆ ಇಷ್ಟು ಸಾಕಾ, ಇನ್ನೂ ಒಂದೆರಡು ಕಿಣ್ವ ಸೇರಿಸಲಾ?

ಒಂದು ವಿನಂತಿ. ತಪ್ಪಿರುವ ಕಡೆ ಕೆಂಪಿನಲ್ಲಿ ಗೆರೆ, ಬಿಟ್ಟುಹೋದ ಕಡೆ ಒಂದು ಪ್ರಶ್ನೆ ಚಿಹ್ನೆ ಹಾಕಿ, ಸರಿ ಉತ್ತರ ಮಾತ್ರ ಬರೆಯಬೇಡಿ. ಮೊದಲು ನಾನೇ ಹುಡುಕಿ ತುಂಬಿಸಿ ನೋಡುತ್ತೇನೆ, ಆಗದಿದ್ದರೆ ಕ್ಲಾಸಿನಲ್ಲಿ ಕೇಳುತ್ತೇನೆ. ಗುರುವಾರ ಕಿರುಪರೀಕ್ಷೆ ಇದೆ, ಮಂಗಳವಾರದೊಳಗೆ ಸಿಕ್ಕಿದರೆ ಒಳ್ಳೆಯದು. ನಿಮಗೆ ಬಿಡುವಿಲ್ಲದಿದ್ದರೆ ಹಿಂದಿನ ಬದಿ ಬಿಡಿ, ಕ್ರೆಬ್ಸ್ ಚಕ್ರ ಮತ್ತು ಹುದುಗುವಿಕೆಯ ಆ ಪ್ರಶ್ನೆಯೊಂದನ್ನೇ ನೋಡಿ.

ಇಂತಿ,
ಚೈತ್ರಾ